ಹೊಗಳಬೇಡಿ, ಸ್ವಲ್ಪ ಕಾಲೆಳೆಯಿರಿ

ಕಳೆದ ವರ್ಷ ನಮ್ಮ ಕಚೇರಿಯಲ್ಲಿ ಲೆಕ್ಕಪತ್ರ ವಿಭಾಗದ ಹಿರಿಯರೊಬ್ಬರ ಬೀಳ್ಕೊಡುಗೆ ನಡೆಯಿತು. 34 ವರ್ಷದ ಸೇವೆ. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲವೂ ಸಿದ್ಧವಾಗಿದ್ದವು. ಸ್ವಾಗತ ಭಾಷಣ ಮುಗಿಯುತ್ತಿದ್ದಂತೆ ಅವರೇ ಎದ್ದು ಮೈಕ್ ಹಿಡಿದು, ‘ಸರಳ, ಸಜ್ಜನ, ಪ್ರಾಮಾಣಿಕ ಎಂಬ ಮೂರು ಪದಗಳನ್ನು ಇವತ್ತು ಯಾರೂ ಬಳಸಬಾರದು. ಅವನ್ನು ಶ್ರದ್ಧಾಂಜಲಿಗೆ ಇಟ್ಟುಕೊಳ್ಳಿ. ಈಗ ಧೈರ್ಯವಿದ್ದವರು ಬಂದು ನನ್ನ ಕಾಲೆಳೆಯಿರಿ’ ಎಂದರು.

ಮೊದಲು ಎದ್ದದ್ದು ಅಟೆಂಡರ್. ‘ಸಾಹೇಬರು 34 ವರ್ಷದಿಂದ ನನಗೆ ಹೇಳುತ್ತಿರುವುದು ಒಂದೇ ಮಾತು, ಅರ್ಧ ಲೋಟ ಟೀ ಸಾಕು ಅಂತ. ದಿನಕ್ಕೆ ಆರು ಸಲ ಹೇಳುತ್ತಾರೆ.’ ಸಭೆ ನಕ್ಕಿತು. ಪಕ್ಕದ ಮೇಜಿನ ಮೇಡಂ ಹಿರಿಯರ ಕ್ಯಾಲ್ಕುಲೇಟರಿಗೆ ಕೈ ಹಾಕಿದರು. ಅದರ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಕೊಂಡ ದಿನದಿಂದ ತೆಗೆದಿಲ್ಲವಂತೆ, ಏಳರ ಗುಂಡಿ ಕೆಲಸ ಮಾಡುವುದಿಲ್ಲವಂತೆ. ‘ಅದಕ್ಕೇ ಯಾವ ಬಿಲ್ಲಿನಲ್ಲಿ ಏಳು ಕಂಡರೂ ಸಾರ್ ಆಕ್ಷೇಪಣೆ ಬರೆದು ವಾಪಸ್ ಕಳಿಸುತ್ತಿದ್ದರು.’ ಹಿರಿಯರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಮೂರನೆಯವನು ಸೇರಿ ಮೂರು ತಿಂಗಳಾಗಿದ್ದ ಹುಡುಗ. ಅವನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಬೀಳ್ಕೊಡುಗೆಯಲ್ಲಿ, ಹುಟ್ಟುಹಬ್ಬದಲ್ಲಿ, ಮದುವೆಯ ಹಿಂದಿನ ರಾತ್ರಿ ಗೆಳೆಯರ ನಡುವೆ ಹೀಗೆ ಬೇಡಿ ಬೈಸಿಕೊಳ್ಳುವ ರೂಢಿ ಈಗ ಹೆಚ್ಚಾಗಿದೆ. ಕೈಬರಹದ ಚೀಟಿ ಹಿಡಿದು ಫೋಟೊ ತೆಗೆಸಿಕೊಂಡು, ಮುಖ ಪರಿಚಯವಿಲ್ಲದವರನ್ನೂ ‘ನನ್ನನ್ನು ರೋಸ್ಟ್ ಮಾಡಿ’ ಎಂದು ಕೇಳುವ ಹುಡುಗ ಹುಡುಗಿಯರಿದ್ದಾರೆ. ಮನೆಯ ಹಿರಿಯರಿಗೆ ಇದು ಅರ್ಥವಾಗುವುದಿಲ್ಲ. ಮರ್ಯಾದೆಯನ್ನು ಯಾರಾದರೂ ಕೈಯಾರೆ ಕಳೆದುಕೊಳ್ಳುತ್ತಾರೆಯೇ ಎಂದು ಕೇಳುತ್ತಾರೆ.

## ರೋಸ್ಟ್ ಎಂದರೆ ಏನು

ಹುರಿಯುವುದು ಎಂಬುದು ಪದದ ಅರ್ಥ. ಒಬ್ಬರನ್ನು ನಡುವೆ ಕೂರಿಸಿ, ಅವರ ಒಪ್ಪಿಗೆಯ ಮೇಲೆ, ಅವರೆದುರಿಗೇ ಸರದಿಯಂತೆ ಗೇಲಿ ಮಾಡುವುದು ರೋಸ್ಟ್. ಈ ಪದ್ಧತಿಗೆ ಹೆಸರು ತಂದದ್ದು 1904ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಫ್ರೈಯರ್ಸ್ ಕ್ಲಬ್. ನಾಟಕ, ಹಾಸ್ಯರಂಗದವರ ಆ ಕೂಟದಲ್ಲಿ ಗೌರವಕ್ಕೆ ಪಾತ್ರರಾದವರನ್ನು ಔತಣಕ್ಕೆ ಕರೆದು ಬೈಯುತ್ತಿದ್ದರು. ನಾವು ಪ್ರೀತಿಸುವವರನ್ನು ಮಾತ್ರ ಹುರಿಯುತ್ತೇವೆ ಎಂಬುದು ಅವರ ಘೋಷವಾಕ್ಯ. 1970ರ ದಶಕದಲ್ಲಿ ಡೀನ್ ಮಾರ್ಟಿನ್ ಅದನ್ನು ಅಮೆರಿಕದ ಟಿವಿಗೆ ತಂದರು. ನಮ್ಮ ದೇಶದಲ್ಲಿ ಈ ಪದ ಮನೆಮಾತಾದದ್ದು 2015ರ ಆರಂಭದಲ್ಲಿ. ಹಿಂದಿನ ಡಿಸೆಂಬರಿನಲ್ಲಿ ಮುಂಬಯಿಯ ಹಾಸ್ಯತಂಡವೊಂದು ರಣವೀರ್ ಸಿಂಗ್ ಮತ್ತು ಅರ್ಜುನ್ ಕಪೂರ್ ಅವರನ್ನು ಕೂರಿಸಿಕೊಂಡು ಮಾಡಿದ ಕಾರ್ಯಕ್ರಮ ಯೂಟ್ಯೂಬಿಗೆ ಬಂದು, ಪೊಲೀಸ್ ದೂರುಗಳಾಗಿ, ಕೆಲವೇ ದಿನಗಳಲ್ಲಿ ಹಿಂದೆ ಸರಿಯಿತು. ಬೈಸಿಕೊಂಡ ನಟರು ವೇದಿಕೆಯ ಮೇಲೆ ನಗುತ್ತಿದ್ದರು, ದೂರು ಕೊಟ್ಟವರು ಹೊರಗಿನವರು. ಈ ಒಳಗೆ ಹೊರಗೆ ಎಂಬುದೇ ಇಡೀ ವಿಷಯದ ಬೀಗದ ಕೈ.

ಪದ ಹೊಸದಾದರೂ ಕೆಲಸ ಹೊಸದಲ್ಲ, ಮತ್ತು ಅದನ್ನು ಅಳೆಯಲು ಕನ್ನಡದಲ್ಲಿ ಒಳ್ಳೆಯ ಅಳತೆಗೋಲೇ ಇದೆ. ಕಿಚಾಯಿಸುವುದು, ಕಾಲೆಳೆಯುವುದು, ರೇಗಿಸುವುದು ಒಂದು ತುದಿ. ಹಂಗಿಸುವುದು, ಮೂದಲಿಸುವುದು, ಹೀಯಾಳಿಸುವುದು ಇನ್ನೊಂದು ತುದಿ. ಗೇಲಿ, ಲೇವಡಿ ನಡುವೆ ಎಲ್ಲೋ ನಿಲ್ಲುತ್ತವೆ. ಅಣ್ಣ ತಂಗಿಯನ್ನು ಕಿಚಾಯಿಸುತ್ತಾನೆ, ದಾಯಾದಿ ಹಂಗಿಸುತ್ತಾನೆ. ಇಬ್ಬರೂ ಆಡುವ ಮಾತು ಅಕ್ಷರಶಃ ಒಂದೇ ಆಗಿರಬಹುದು. ಹಾಗಿದ್ದರೆ ವ್ಯತ್ಯಾಸ ಮಾಡುವುದು ಏನು?

## ಕಚ್ಚಿದಂತೆ ಮಾಡುವುದು

ಮನೆಯ ಮುಂದೆ ಆಡುವ ಎರಡು ನಾಯಿಮರಿಗಳನ್ನು ನೋಡಿ. ಒಂದು ಇನ್ನೊಂದರ ಕಿವಿಯನ್ನು ಬಾಯಲ್ಲಿ ಹಿಡಿಯುತ್ತದೆ, ಹಲ್ಲು ಊರುವುದಿಲ್ಲ. ಮುಂಗಾಲು ಬಗ್ಗಿಸಿ ಬಾಲ ಅಲ್ಲಾಡಿಸುತ್ತದೆ. ಗ್ರೆಗರಿ ಬೇಟ್ಸನ್ ಎಂಬ ಮಾನವಶಾಸ್ತ್ರಜ್ಞ ಮೃಗಾಲಯದ ಕೋತಿಗಳಲ್ಲಿ ಇದನ್ನೇ ಗಮನಿಸಿ ಒಂದು ಮುಖ್ಯವಾದ ಮಾತು ಹೇಳಿದರು: ಆಟದ ಕಚ್ಚುವಿಕೆಯ ಜೊತೆಗೆ ‘ಇದು ಆಟ’ ಎಂಬ ಇನ್ನೊಂದು ಸಂದೇಶವೂ ಹೋಗುತ್ತಿರುತ್ತದೆ. ಎದುರಿನ ಪ್ರಾಣಿ ಆ ಎರಡನೆಯದನ್ನೂ ಓದಬಲ್ಲುದಾದರೆ ಆಟ ಮುಂದುವರಿಯುತ್ತದೆ, ಇಲ್ಲದಿದ್ದರೆ ಜಗಳವಾಗುತ್ತದೆ.

ಮನುಷ್ಯರ ಕಾಲೆಳೆತವೂ ಹೀಗೆ ಎರಡು ಪದರದ್ದು. ಒಂದು ಚುಚ್ಚು, ಅದರ ಜೊತೆಗೆ ಒಂದು ಕಣ್ಣುಸನ್ನೆ. ಸನ್ನೆ ನಾನಾ ರೂಪದಲ್ಲಿರುತ್ತದೆ: ಎಳೆದು ಆಡುವ ಧ್ವನಿ, ನಂಬಲಾಗದಷ್ಟು ಉತ್ಪ್ರೇಕ್ಷೆ, ಎಲ್ಲರೂ ಸುಳ್ಳೆಂದು ಬಲ್ಲ ಆರೋಪ. ಏಳು ಕಂಡ ಬಿಲ್ಲನ್ನೆಲ್ಲ ವಾಪಸ್ ಕಳಿಸುತ್ತಿದ್ದರು ಎಂಬುದನ್ನು ಯಾರೂ ನಿಜವೆಂದು ತೆಗೆದುಕೊಳ್ಳುವುದಿಲ್ಲ, ಆ ಅಸಾಧ್ಯತೆಯೇ ಅದರ ಕಣ್ಣುಸನ್ನೆ. ಈ ಕಲೆಯನ್ನು ನಾವು ಮಾತಿಗಿಂತ ಮೊದಲೇ ಕಲಿಯುತ್ತೇವೆ. ಮಗು ಒಂಬತ್ತು ತಿಂಗಳ ಆಸುಪಾಸಿನಲ್ಲಿ ಕೈಯಲ್ಲಿರುವ ಬಿಸ್ಕತ್ತನ್ನು ಅಪ್ಪನ ಕಡೆಗೆ ಚಾಚಿ, ಅಪ್ಪ ಬಾಯಿ ತೆರೆದಾಗ ಸರಕ್ಕನೆ ಹಿಂದಕ್ಕೆ ಎಳೆದುಕೊಂಡು ಕಿಲಕಿಲ ನಗುವುದನ್ನು ಎಷ್ಟೋ ಮನೆಗಳಲ್ಲಿ ಕಾಣಬಹುದು. ಶಿಶುಗಳ ಈ ಕೀಟಲೆಯನ್ನು ದೀರ್ಘಕಾಲ ಅಭ್ಯಾಸ ಮಾಡಿದ ಮನಶ್ಶಾಸ್ತ್ರಜ್ಞೆ ವಾಸುದೇವಿ ರೆಡ್ಡಿ ಒಂದು ಸೂಕ್ಷ್ಮವನ್ನು ಎತ್ತಿ ತೋರಿಸುತ್ತಾರೆ. ಕೀಟಲೆ ಮಾಡಬೇಕಾದರೆ ಎದುರಿನವರು ಏನನ್ನು ನಿರೀಕ್ಷಿಸುತ್ತಿದ್ದಾರೆ ಎಂಬುದು ಗೊತ್ತಿರಬೇಕು. ಅಂದರೆ ಅವರನ್ನು ಬಲ್ಲವರೇ ಅದನ್ನು ಮಾಡಬಲ್ಲರು.

## ಯಾರಿಗೆ ಸಲಿಗೆ ಇದೆ

ನಮ್ಮ ಭಾಷೆಯಲ್ಲಿ ಇದಕ್ಕೆ ಹೇಳಿ ಮಾಡಿಸಿದ ಪದ ಸಲಿಗೆ. ಅದು ಪ್ರೀತಿಯೂ ಹೌದು, ಪರವಾನಗಿಯೂ ಹೌದು. ಸಲಿಗೆ ಕೊಡುತ್ತಾರೆ, ತೆಗೆದುಕೊಳ್ಳುತ್ತಾರೆ, ಅತಿಯಾದರೆ ‘ಸಲಿಗೆ ಜಾಸ್ತಿಯಾಯಿತು’ ಎಂದು ಹಿಂದಕ್ಕೆ ಪಡೆಯುತ್ತಾರೆ.

ಈ ಪರವಾನಗಿ ಯಾರ ಕೈಯಲ್ಲಿರಬೇಕು ಎಂಬುದನ್ನು ಹಳೆಯ ಸಮಾಜಗಳು ಆಯಾ ವ್ಯಕ್ತಿಯ ಇಷ್ಟಕ್ಕೆ ಬಿಟ್ಟಿರಲಿಲ್ಲ, ನಂಟಿನಲ್ಲೇ ಬರೆದಿಟ್ಟಿದ್ದವು. ಬ್ರಿಟಿಷ್ ಮಾನವಶಾಸ್ತ್ರಜ್ಞ ರ‍್ಯಾಡ್‌ಕ್ಲಿಫ್ ಬ್ರೌನ್ 1940ರಲ್ಲಿ ಇದನ್ನು ‘ತಮಾಷೆಯ ನಂಟು’ ಎಂಬ ಅರ್ಥದ ಹೆಸರಿನಲ್ಲಿ ವಿವರಿಸಿದರು. ಅಂಥ ನಂಟಿನಲ್ಲಿ ಒಬ್ಬರು ಇನ್ನೊಬ್ಬರನ್ನು ಗೇಲಿ ಮಾಡಬಹುದು, ಕೆಲವು ಕಡೆ ಮಾಡಲೇಬೇಕು, ಮಾಡಿಸಿಕೊಂಡವರು ಕೋಪಿಸಿಕೊಳ್ಳುವಂತಿಲ್ಲ. ಅವರ ವಿವರಣೆ ಸರಳವಾಗಿದೆ. ಮದುವೆ ಎರಡು ಕುಟುಂಬಗಳನ್ನು ಕೂಡಿಸುತ್ತದೆ, ಆದರೆ ಅವು ಎರಡಾಗಿಯೇ ಉಳಿದಿರುತ್ತವೆ. ಹತ್ತಿರವೂ ಹೌದು, ಬೇರೆಯೂ ಹೌದು ಎಂಬ ಈ ಇಕ್ಕಟ್ಟನ್ನು ಜಗಳವಾಗದಂತೆ ನಿಭಾಯಿಸಲು ಎರಡು ದಾರಿಗಳಿವೆ. ಒಂದು, ಅತಿಯಾದ ಮರ್ಯಾದೆಯಿಂದ ದೂರ ನಿಲ್ಲುವುದು. ಇನ್ನೊಂದು, ಜಗಳವನ್ನೇ ಆಟ ಮಾಡಿಬಿಡುವುದು.

ಕನ್ನಡದ ಮನೆಗಳಲ್ಲಿ ಬೆಳೆದವರಿಗೆ ಇದನ್ನು ಆಫ್ರಿಕಾದ ಉದಾಹರಣೆಯಿಂದ ಕಲಿಯಬೇಕಾಗಿಲ್ಲ. ಅಳಿಯ ಅತ್ತೆಯ ಮುಂದೆ ಅಳೆದು ಮಾತಾಡುತ್ತಾನೆ, ಸೊಸೆ ಮಾವನ ಮುಂದೆ ಧ್ವನಿ ತಗ್ಗಿಸುತ್ತಾಳೆ, ಅದು ಮೊದಲನೆಯ ದಾರಿ. ಅದೇ ಮನೆಯಲ್ಲಿ ಭಾವ ನಾದಿನಿಯರು, ಅತ್ತೆಯ ಮಗ ಮಾವನ ಮಗಳು ಒಬ್ಬರನ್ನೊಬ್ಬರು ಬಿಡುವಿಲ್ಲದೆ ರೇಗಿಸುತ್ತಾರೆ, ಅದು ಎರಡನೆಯದು. ಮದುವೆಯಲ್ಲಂತೂ ಇದಕ್ಕೆ ರಾಗವೇ ಇತ್ತು. ಬೀಗರ ಹಾಡು, ಉರುಟಣೆಯ ಹಾಡುಗಳಲ್ಲಿ ಹೆಣ್ಣಿನ ಕಡೆಯವರು ಗಂಡಿನ ಕಡೆಯವರನ್ನು, ಅವರು ಇವರನ್ನು ಹಾಡಿನಲ್ಲೇ ಆಡಿಕೊಳ್ಳುತ್ತಿದ್ದರು. ಬೀಗಿತ್ತಿಯ ಗತ್ತು, ಬೀಗರ ಊಟದ ಅಳತೆ, ಯಾವುದೂ ಬಿಡುಗಡೆ ಪಡೆಯುತ್ತಿರಲಿಲ್ಲ. ನಮ್ಮಜ್ಜಿ ಒಂದು ಮದುವೆಯಿಂದ ಬಂದು ಮುಖ ದಪ್ಪ ಮಾಡಿಕೊಂಡು ಕೂತಿದ್ದರು. ಊಟ ಸರಿ ಇರಲಿಲ್ಲವೇ ಎಂದು ಕೇಳಿದರೆ, ‘ಊಟ ಚೆನ್ನಾಗಿತ್ತು. ಒಬ್ಬರಾದರೂ ನನ್ನ ಮೇಲೆ ಒಂದು ಹಾಡು ಹೇಳಲಿಲ್ಲ. ನಾನೇನು ದಾರಿಹೋಕಳೇ?’ ಎಂದರು. ಬೈಸಿಕೊಳ್ಳದೆ ಬಂದದ್ದು ಅವರಿಗೆ ಅವಮಾನವಾಗಿತ್ತು.

ಪಶ್ಚಿಮ ಆಫ್ರಿಕಾದಲ್ಲಿ ಇದು ಕುಟುಂಬದ ಬೇಲಿ ದಾಟಿ ಊರುಕೇರಿಗೆ ಹರಡಿದೆ. ಮಾಲಿ ದೇಶದಲ್ಲಿ ಇಬ್ಬರು ಅಪರಿಚಿತರು ತಮ್ಮ ಮನೆತನದ ಹೆಸರು ಹೇಳಿಕೊಂಡ ಕೂಡಲೇ, ಆ ಹೆಸರುಗಳ ನಡುವೆ ತಮಾಷೆಯ ನಂಟಿದ್ದರೆ, ‘ನೀನು ಕಾಳು ತಿನ್ನುವವನು’ ಎಂದು ಒಬ್ಬ ಇನ್ನೊಬ್ಬನನ್ನು ಆಡಿಕೊಳ್ಳುತ್ತಾನೆ. ಕಾಳು ತಿಂದವನ ಹೊಟ್ಟೆಯಲ್ಲಿ ಏನಾಗುತ್ತದೆ ಎಂಬುದು ಅದರೊಳಗಿನ ನಗು. ಪರಿಚಯ ಮಾಡಿಕೊಳ್ಳಲು ಬೇರೆ ಕಡೆ ಅರ್ಧ ಗಂಟೆ ಬೇಕಾದರೆ ಅಲ್ಲಿ ಒಂದು ಬೈಗುಳ ಸಾಕು. ನೆರೆಯ ನೈಜರ್ ದೇಶದ ಇಂಥದೇ ಪದ್ಧತಿಯನ್ನು ಯುನೆಸ್ಕೊ 2014ರಲ್ಲಿ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ದೇವರನ್ನೂ ನಾವು ಬಿಟ್ಟಿಲ್ಲ. ನಿಂದಾಸ್ತುತಿ ಎಂಬ ಪ್ರಕಾರದಲ್ಲಿ ಹರಿದಾಸರು ಹರಿಯನ್ನು ಬೈದೇ ಹೊಗಳಿದರು. ದೂರದ ಒಡೆಯನನ್ನು ಹೊಗಳಬಹುದು ಅಷ್ಟೆ, ಬೈಯಬೇಕಾದರೆ ಅವನು ಮನೆಯವನಾಗಿರಬೇಕು.

## ಹಾಗಾದರೆ ಕೇಳಿ ಬೈಸಿಕೊಳ್ಳುವುದು ಏಕೆ

ನಂಟು ಹೀಗೆ ಕೊಡುತ್ತಿದ್ದ ಸಲಿಗೆ ನಗರದ ಕಚೇರಿಯಲ್ಲಿ, ಹಾಸ್ಟೆಲಿನಲ್ಲಿ, ಬಾಡಿಗೆ ಮನೆಯಲ್ಲಿ ಇರುವುದಿಲ್ಲ. ಅಲ್ಲಿ ಯಾರು ಯಾರ ಕಾಲೆಳೆಯಬಹುದೆಂದು ಯಾರೂ ಬರೆದಿಟ್ಟಿಲ್ಲ. ಹಾಗಾಗಿ ಎಲ್ಲರೂ ಹುಷಾರಾಗಿ, ಸಭ್ಯರಾಗಿ ಇರುತ್ತಾರೆ. ಸಭ್ಯತೆಯಲ್ಲಿ ಒಂದು ತೊಂದರೆಯಿದೆ: ಅದು ಎಲ್ಲರಿಗೂ ಒಂದೇ ಅಳತೆಯಲ್ಲಿ ಸಿಗುತ್ತದೆ. ‘ಸರಳ, ಸಜ್ಜನ, ಪ್ರಾಮಾಣಿಕ’ ಎಂಬ ಭಾಷಣದಲ್ಲಿ ಹೆಸರು ಬದಲಿಸಿದರೆ ಮುಂದಿನ ತಿಂಗಳು ನಿವೃತ್ತರಾಗುವವರಿಗೂ ನಡೆಯುತ್ತದೆ. ಅರ್ಧ ಲೋಟ ಟೀ ಮಾತ್ರ ಈ ಮನುಷ್ಯನದೇ. ಅದನ್ನು ಹೇಳಬೇಕಾದರೆ ಯಾರಾದರೂ 34 ವರ್ಷ ನೋಡಿರಬೇಕು. ಕಾಲೆಳೆಯಿರಿ ಎಂದು ಕೇಳುವವರು ಬಹಳ ಸಲ ಕೇಳುತ್ತಿರುವ ಪ್ರಶ್ನೆ ಇದೇ: ನೀವು ನನ್ನನ್ನು ಗಮನಿಸಿದ್ದೀರಾ?

ಗಮನಕ್ಕೆ ಇಷ್ಟು ಬೆಲೆ ಏಕೆ ಎಂಬುದಕ್ಕೆ ಕಿಪ್ಲಿಂಗ್ ವಿಲಿಯಮ್ಸ್ ಎಂಬ ಮನಶ್ಶಾಸ್ತ್ರಜ್ಞರ ಪ್ರಯೋಗವೊಂದು ಚೆನ್ನಾಗಿ ಉತ್ತರಿಸುತ್ತದೆ. ಅವರು ಒಮ್ಮೆ ಪಾರ್ಕಿನಲ್ಲಿ ಕೂತಿದ್ದಾಗ ಎಲ್ಲಿಂದಲೋ ಒಂದು ಎಸೆಯುವ ತಟ್ಟೆ ಬಂದು ಬಿತ್ತು. ಎತ್ತಿ ಎಸೆದರು. ಆಡುತ್ತಿದ್ದ ಇಬ್ಬರು ಅವರಿಗೂ ಕೆಲವು ಸಲ ಎಸೆದು, ಆಮೇಲೆ ಸುಮ್ಮನೆ ತಮ್ಮತಮ್ಮಲ್ಲೇ ಆಡತೊಡಗಿದರು. ಗುರುತಿಲ್ಲದವರು ಬಿಟ್ಟರೂ ತನಗೇಕೆ ಇಷ್ಟು ನೋವಾಯಿತು ಎಂದು ಬೆರಗಾದ ಅವರು ಅದನ್ನೇ ಕಂಪ್ಯೂಟರ್ ಆಟವಾಗಿ ಮಾಡಿದರು. ಪರದೆಯ ಮೇಲೆ ಮೂವರು ಚೆಂಡು ಎಸೆದಾಡುತ್ತಾರೆ, ಸ್ವಲ್ಪ ಹೊತ್ತಿನ ನಂತರ ನಿಮಗೆ ಚೆಂಡು ಬರುವುದು ನಿಲ್ಲುತ್ತದೆ. ಕೆಲವೇ ನಿಮಿಷಗಳ ಈ ಕಡೆಗಣನೆ ಸಾಕು, ತಾವು ಯಾರಿಗೂ ಸೇರಿದವರಲ್ಲ, ತಾವು ಇದ್ದೂ ಇಲ್ಲದಂತೆ ಎಂಬ ಭಾವನೆ ಜನರಲ್ಲಿ ಹೆಚ್ಚಾಗುತ್ತದೆ. ಬೈಗುಳದಲ್ಲಿ ಚೆಂಡು ಮುಖಕ್ಕೇ ಬಂದು ಬಡಿಯಬಹುದು, ಆದರೂ ಅದು ನಿಮ್ಮ ಕಡೆಗೇ ಎಸೆದ ಚೆಂಡು.

ಇನ್ನೊಂದು ಕಾರಣ ಸ್ವಲ್ಪ ಅನಿರೀಕ್ಷಿತವಾದದ್ದು. ಗೆದ್ದವರೇ ಹೆಚ್ಚಾಗಿ ರೋಸ್ಟ್ ಕೇಳುತ್ತಾರೆ: ಬಡ್ತಿ ಸಿಕ್ಕವರು, ವಿದೇಶಕ್ಕೆ ಹೊರಟವರು, ಹೊಸ ಮನೆ ಕಟ್ಟಿಸಿದವರು. 1960ರ ದಶಕದಲ್ಲಿ ಕಲಹಾರಿ ಮರುಭೂಮಿಯ ಕುಂಗ್ ಎಂಬ ಬೇಟೆಗಾರ ಜನರ ನಡುವೆ ಇದ್ದ ರಿಚರ್ಡ್ ಲೀ ಎಂಬ ಸಂಶೋಧಕರಿಗೆ ಆದ ಅನುಭವ ಇಲ್ಲಿ ನೆನಪಾಗುತ್ತದೆ. ಕ್ರಿಸ್‌ಮಸ್ ಔತಣಕ್ಕೆಂದು ಅವರು ಸುತ್ತಮುತ್ತ ಸಿಗುವ ಅತಿ ದೊಡ್ಡ, ಕೊಬ್ಬಿದ ಎತ್ತನ್ನು ಕೊಂಡರು. ಸುದ್ದಿ ತಿಳಿದವರೆಲ್ಲ ಬಂದು ಬಂದು, ಇದೇನು ಮೂಳೆಯ ಗೂಡು ತಂದಿದ್ದೀಯಾ, ಇದನ್ನು ತಿಂದು ಹಸಿದುಕೊಂಡು ಮಲಗಬೇಕಷ್ಟೆ ಎಂದು ಹೇಳಿಹೋದರು. ಲೀ ದಿಗಿಲುಬಿದ್ದರು. ಹಬ್ಬದ ದಿನ ಎತ್ತನ್ನು ಕಡಿದಾಗ ಒಳಗೆ ದಪ್ಪನೆಯ ಕೊಬ್ಬಿನ ಪದರ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಆಮೇಲೆ ಒಬ್ಬರು ಬಿಡಿಸಿ ಹೇಳಿದರು: ದೊಡ್ಡ ಬೇಟೆ ತಂದವನು ತಾನೇ ದೊಡ್ಡವನೆಂದುಕೊಳ್ಳುತ್ತಾನೆ, ಉಳಿದವರನ್ನು ಆಳುಗಳಂತೆ ಕಾಣುತ್ತಾನೆ, ಅದಕ್ಕೇ ಅವನ ಮಾಂಸವನ್ನು ಹಳಿದು ಅವನ ಎದೆಯನ್ನು ತಂಪು ಮಾಡುತ್ತೇವೆ.

ಆದ್ದರಿಂದ ಬಡ್ತಿಯ ಪಾರ್ಟಿಯಲ್ಲಿ ‘ಬೈಯಿರಿ’ ಎನ್ನುವವನ ಮಾತನ್ನು ಬೇರೆ ರೀತಿಯಲ್ಲಿಯೂ ಕೇಳಿಸಿಕೊಳ್ಳಬಹುದು. ನಾನು ಮೇಲೆ ಹೋಗಿದ್ದೇನೆ, ನೀವು ದೂರವಾಗುತ್ತಿದ್ದೀರಿ, ನನ್ನನ್ನು ಒಂದಿಷ್ಟು ಕೆಳಕ್ಕೆ ಎಳೆದು ನಿಮ್ಮ ಸಾಲಿನಲ್ಲೇ ಕೂರಿಸಿಕೊಳ್ಳಿ ಎಂಬ ಕೋರಿಕೆ ಅದರಲ್ಲಿದೆ. ಕಾಲೆಳೆಯುವುದು ಎಂಬ ಪದದಲ್ಲೇ ಆ ಚಿತ್ರವಿರುವುದನ್ನು ಗಮನಿಸಿ.

ಎಲ್ಲರೂ ಇದನ್ನು ಬಯಸುವುದಿಲ್ಲ ಎಂಬುದೂ ನಿಜ. ತಮ್ಮನ್ನು ನೋಡಿ ಜನ ನಗುವುದು ಕೆಲವರಿಗೆ ಖುಷಿ ಕೊಡುತ್ತದೆ, ಕೆಲವರು ದೂರದ ನಗು ಕೇಳಿಸಿದರೂ ತಮ್ಮ ಮೇಲೆಯೇ ಎಂದು ಮುದುಡುತ್ತಾರೆ. ಜ್ಯೂರಿಕ್ ವಿಶ್ವವಿದ್ಯಾಲಯದ ವಿಲಿಬಾಲ್ಡ್ ರುಖ್ ಮತ್ತು ರೆನೆ ಪ್ರೋಯರ್ ಈ ಎರಡನ್ನೂ ಬೇರೆಬೇರೆ ಸ್ವಭಾವಗಳೆಂದು ಗುರುತಿಸಿ ಅಳೆಯಲು ಪ್ರಶ್ನಾವಳಿಯನ್ನೇ ಮಾಡಿದ್ದಾರೆ. ಎರಡನೆಯ ಸ್ವಭಾವದವರಿಗೆ ಆಟದ ಕಣ್ಣುಸನ್ನೆ ಕಾಣುವುದೇ ಇಲ್ಲ, ಹಲ್ಲು ಮಾತ್ರ ಕಾಣುತ್ತದೆ. ಅಂಥವರಿಗೆ ‘ತಮಾಷೆಯಾಗಿ ತೆಗೆದುಕೊಳ್ಳಪ್ಪ’ ಎಂದು ಹೇಳಿ ಪ್ರಯೋಜನವಿಲ್ಲ.

## ಎಲ್ಲಿ ಹಳಿ ತಪ್ಪುತ್ತದೆ

ಈಗ ಆ ಹುಡುಗನ ವಿಷಯ. ಮೂರನೆಯವನಾಗಿ ಮೈಕ್ ಹಿಡಿದು ಅವನು ಹೇಳಿದ್ದು ಇದು: ‘ಸಾರ್ 34 ವರ್ಷ ಒಂದೇ ಕುರ್ಚಿಯಲ್ಲಿ ಕೂತರು. ಬಡ್ತಿಗೆ ಇವರ ವಿಳಾಸವೇ ಸಿಗಲಿಲ್ಲ.’

ಯಾರೂ ನಗಲಿಲ್ಲ. ಹಿರಿಯರು ತುಟಿ ಅಗಲಿಸಿದರು, ಹೆಗಲ ಮೇಲೆ ಸರಿಯಾಗಿಯೇ ಇದ್ದ ಶಾಲನ್ನು ಮತ್ತೆ ಸರಿಮಾಡಿಕೊಂಡರು.

ಮಾತಾಗಿ ನೋಡಿದರೆ ಅದು ಕೆಟ್ಟ ಜೋಕಲ್ಲ, ಮೊದಲ ಎರಡಕ್ಕಿಂತ ಚುರುಕಾಗಿಯೇ ಇತ್ತು. ತಪ್ಪಿದ್ದು ಬೇರೆ ಎರಡು ಕಡೆ. ಟೀ ಮತ್ತು ಕ್ಯಾಲ್ಕುಲೇಟರ್ ಅವರು ತಾವಾಗಿ ಬೆಳೆಸಿಕೊಂಡ ಚಾಳಿಗಳು, ಮನಸ್ಸು ಮಾಡಿದರೆ ನಾಳೆಯೇ ಬಿಡಬಹುದು. ಬಡ್ತಿ ತಪ್ಪಿದ್ದು ಅವರ ಕೈಮೀರಿದ ಗಾಯ. ಮೈಬಣ್ಣ, ಜಾತಿ, ಮಕ್ಕಳಿಲ್ಲದಿರುವುದು, ಸಾಲ ಇವೆಲ್ಲ ಇದೇ ಸಾಲಿನವು. ಎರಡನೆಯದಾಗಿ, ಉತ್ಪ್ರೇಕ್ಷೆ ಇರಲಿಲ್ಲ. ಹೇಳಿದ್ದು ನಿಜವೇ ಆಗಿತ್ತು. ಸುಳ್ಳಿನ ಅಂಚಿಲ್ಲದ ಚುಚ್ಚಿಗೆ ಕಣ್ಣುಸನ್ನೆ ಎಲ್ಲಿಂದ ಬರಬೇಕು? ಇದೇ ಮಾತನ್ನು ಅವರ ಜೊತೆಗೇ ಸೇರಿ ಜೊತೆಗೇ ಬಡ್ತಿ ತಪ್ಪಿಸಿಕೊಂಡ ಗೆಳೆಯ ಹೇಳಿದ್ದರೆ ಇಬ್ಬರೂ ನಗುತ್ತಿದ್ದರೋ ಏನೋ. ಮೂರು ತಿಂಗಳಿಗೆ ಅಷ್ಟು ಸಲಿಗೆ ಹುಟ್ಟುವುದಿಲ್ಲ.

ಹುಡುಗನಿಗೆ ಕೆಟ್ಟ ಉದ್ದೇಶವಿರಲಿಲ್ಲ ಎಂದು ನಾನು ನಂಬುತ್ತೇನೆ. ಆದರೆ ಉದ್ದೇಶ ಹೇಳುವವನ ಒಳಗೇ ಉಳಿದುಬಿಡುತ್ತದೆ. ಜಸ್ಟಿನ್ ಕ್ರೂಗರ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನದ ಸಾರ ಇದೇ. ರೇಗಿಸಿದವರು ತಮ್ಮ ಒಳ್ಳೆಯ ಮನಸ್ಸನ್ನೂ ಸೇರಿಸಿ ಲೆಕ್ಕ ಹಾಕುತ್ತಾರೆ, ರೇಗಿಸಿಕೊಂಡವರಿಗೆ ಮಾತು ಮಾತ್ರ ಕೇಳಿಸುತ್ತದೆ. ಹಾಗಾಗಿ ಒಂದೇ ಮಾತು ಇಬ್ಬರ ತಕ್ಕಡಿಯಲ್ಲಿ ಎರಡು ತೂಕ.

ಅಧಿಕಾರ ನಡುವೆ ಬಂದರೆ ತಕ್ಕಡಿ ಇನ್ನಷ್ಟು ವಾಲುತ್ತದೆ. ಡ್ಯಾಕರ್ ಕೆಲ್ಟ್ನರ್ ತಂಡ 1998ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅಮೆರಿಕದ ಕಾಲೇಜೊಂದರ ವಿದ್ಯಾರ್ಥಿ ಸಂಘದಿಂದ ಇಬ್ಬರು ಹಳಬರು, ಇಬ್ಬರು ಹೊಸಬರನ್ನು ಕೂರಿಸಿ, ಎರಡು ಇಂಗ್ಲಿಷ್ ಅಕ್ಷರಗಳನ್ನು ಕೊಟ್ಟು, ಅವುಗಳಿಂದ ಒಬ್ಬರಿಗೊಬ್ಬರು ಅಡ್ಡಹೆಸರಿಡಿ ಎಂದರು. ಹಳಬರು ಹೊಸಬರಿಗೆ ಇಟ್ಟ ಹೆಸರುಗಳು ಹೆಚ್ಚು ಮೊನಚಾಗಿದ್ದವು, ಹೊಸಬರು ಹಳಬರಿಗೆ ಇಟ್ಟವು ಮೆದು. ‘ನನ್ನನ್ನೂ ರೇಗಿಸಿ’ ಎಂದು ಹೊಸಬ ಕೇಳಿದಾಗ ಇದನ್ನು ಮರೆಯಬಾರದು. ಅವನು ಸೇರಿಕೊಳ್ಳಲು ತೆರುವ ಶುಲ್ಕ ಅದಾಗಿರಬಹುದು. ಕಾಲೇಜುಗಳ ರ‍್ಯಾಗಿಂಗ್ ಎಷ್ಟೋ ಸಲ ಇದೇ ಬಾಗಿಲಿನಿಂದ ಒಳಗೆ ಬಂದಿದೆ.

ಆಟವೋ ಶುಲ್ಕವೋ ಎಂದು ತಿಳಿಯಲು ಮೂರು ವಿಷಯಗಳನ್ನು ನೋಡಬಹುದು. ತಿರುಗಿ ಮಾತಾಡುವ ಅವಕಾಶ ಬೈಸಿಕೊಳ್ಳುವವರಿಗಿದೆಯೇ? ಎಲ್ಲರೂ ಸರದಿಯಂತೆ ನಡುವೆ ಕೂರುತ್ತಾರೆಯೇ ಅಥವಾ ಪ್ರತಿ ಸಲವೂ ಒಬ್ಬರೇ ಕೂರುತ್ತಾರೆಯೇ? ‘ಸಾಕು’ ಎಂದರೆ ನಿಲ್ಲುತ್ತದೆಯೇ? ಸದಾ ಒಬ್ಬರೇ ಬೈಸಿಕೊಳ್ಳುತ್ತಿದ್ದರೆ, ಅವರೇ ಬೇಡಿದರೂ ಅದನ್ನು ಸಲಿಗೆ ಎನ್ನಲಾಗದು. ಇತರರ ನಗುವಿಗಾಗಿ ತಮ್ಮನ್ನೇ ಹಳಿದುಕೊಳ್ಳುವ ಹಾಸ್ಯ ಕುಗ್ಗಿದ ಮನಸ್ಸಿನ ಜೊತೆಗೆ ಕಾಣಿಸಿಕೊಳ್ಳುತ್ತದೆ ಎಂಬುದನ್ನು ಕೆನಡಾದ ರಾಡ್ ಮಾರ್ಟಿನ್ ಅವರ ಅಧ್ಯಯನಗಳು ತೋರಿಸಿವೆ. ಗುರುತಿಲ್ಲದವರ ಮುಂದೆ ಚೀಟಿ ಹಿಡಿದು ನಿಲ್ಲುವವರಲ್ಲಿ ಬಹುಪಾಲು ಜನ ಆಟಕ್ಕೇ ನಿಂತಿರಬಹುದು. ಆದರೆ ಅಲ್ಲಿ ಸಿಗುವುದು ಮುಖ ನೋಡಿ ಹೊಸೆದ ಮಾತು, ಅರ್ಧ ಲೋಟ ಟೀ ಗೊತ್ತಿರುವವರು ಅಲ್ಲಿ ಇರುವುದಿಲ್ಲ.

ಆ ದಿನ ಮೌನವನ್ನು ಮುರಿದದ್ದು ಅಟೆಂಡರೇ. ಹಿಂದಿನ ಸಾಲಿನಿಂದ ಕೂಗಿ ಹೇಳಿದರು: ‘ಬಡ್ತಿ ಬಂದಿತ್ತು ಬಿಡಪ್ಪ, ಸಾಹೇಬರೇ ಬೇಡವೆಂದರು. ಮೇಲಿನ ಮಹಡಿಯಲ್ಲಿ ಅರ್ಧ ಲೋಟ ಕೊಡುವುದಿಲ್ಲ.’

ಸಭೆಗೆ ಉಸಿರು ಬಂತು. ಹಿರಿಯರು ಹುಡುಗನನ್ನು ಕೈಸನ್ನೆ ಮಾಡಿ ಕರೆದು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡರು. ಅಟೆಂಡರ್ ಕಡೆಗೆ ತಿರುಗಿ, ‘ಇವನಿಗೆ ಪೂರ್ತಿ ಲೋಟ ಕೊಡು. ನನಗೆ ಗೊತ್ತಲ್ಲ’ ಎಂದರು.